ಸಂಶೋಧನಾ ವರದಿಯಲ್ಲಿ ಕಾನ್ಫಿಡೆನ್ಸ್ ಇಂಟರ್ವಲ್ ಓದುವುದು ಹೇಗೆ: ಆಸ್ಪಿರಿನ್ ಪ್ರಯೋಗದ ಅಂಕಿಗಳ ಮೂಲಕ ಒಂದು ಸಮಗ್ರ ಮಾರ್ಗದರ್ಶಿ

ವೈದ್ಯಕೀಯ ವರದಿಗಳ ಸಾರಾಂಶದಲ್ಲಿ ಫಲಿತಾಂಶದ ಪಕ್ಕದಲ್ಲೇ ಆವರಣದೊಳಗೆ ಎರಡು ಅಂಕಿಗಳು ಕುಳಿತಿರುತ್ತವೆ: `95% CI 0.73–0.87` ಎಂಬಂತೆ. ಬಹಳಷ್ಟು ಓದುಗರು ಆವರಣದ ಹೊರಗಿರುವ ಒಂದೇ ಅಂಕಿಯನ್ನು ಎತ್ತಿಕೊಂಡು ಮುಂದೆ ಹೋಗುತ್ತಾರೆ. ಇನ್ನು ಕೆಲವರು ಆವರಣದೊಳಗೆ ಇಣುಕಿ, ಸೊನ್ನೆ ಅಥವಾ ಒಂದು ಸಿಕ್ಕಿಬಿದ್ದಿದೆಯೇ ಎಂದು ಮಾತ್ರ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ನನ್ನ ಪ್ರಕಾರ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಎಚ್ಚರಿಕೆಯಿಂದ ಓದಿದಂತೆ ಕಾಣಿಸುತ್ತದೆ.

ಈ ಎರಡು ಅಂಕಿಗಳ ನಡುವಿನ ವ್ಯಾಪ್ತಿಗೆ ಇಲ್ಲಿ ವಿಶ್ವಾಸಾಂತರ ಎನ್ನುತ್ತೇನೆ. ಇಡೀ ವಿವರಣೆಗೆ ಒಂದೇ ನಿಜವಾದ ಪ್ರಯೋಗವನ್ನು ಆಧಾರವಾಗಿ ಇಟ್ಟುಕೊಳ್ಳೋಣ. 1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದಲ್ಲಿ, ಹೃದಯಾಘಾತವಾಗಿದೆ ಎಂಬ ಶಂಕೆಯಿಂದ ಆಸ್ಪತ್ರೆ ಸೇರಿದ 17,187 ಜನರಲ್ಲಿ ಯಾರಿಗೆ ಆಸ್ಪಿರಿನ್, ಯಾರಿಗೆ ಔಷಧವಿಲ್ಲದ ಹುಸಿ ಮಾತ್ರೆಯಾದ ಪ್ಲಸೀಬೊ ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾರಣಗಳಿಂದ ಸತ್ತವರ ಲೆಕ್ಕ ಹೀಗಿದೆ: ಆಸ್ಪಿರಿನ್ ಗುಂಪಿನಲ್ಲಿ 8,587 ಜನರಲ್ಲಿ 804, ಪ್ಲಸೀಬೊ ಗುಂಪಿನಲ್ಲಿ 8,600 ಜನರಲ್ಲಿ 1,016.

ಹಂತ 1: ಏನನ್ನು ಅಳೆದಿದ್ದಾರೆ ಎಂದು ಗುರುತಿಸಿ

ಒಂದೇ ಪ್ರಯೋಗದ ಫಲವನ್ನು ಬೇರೆ ಬೇರೆ ಅಳತೆಗಳಲ್ಲಿ ಹೇಳಬಹುದು. ಆಸ್ಪಿರಿನ್ ಗುಂಪಿನಲ್ಲಿ ಸಾವು ಶೇ. 9.4, ಪ್ಲಸೀಬೊ ಗುಂಪಿನಲ್ಲಿ ಶೇ. 11.8. ಒಂದರಿಂದ ಇನ್ನೊಂದನ್ನು ಕಳೆದರೆ ಸುಮಾರು 2.45 ಶೇಕಡಾಂಶದ ವ್ಯತ್ಯಾಸ ಸಿಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.79 ಎಂಬ ಅನುಪಾತ ಸಿಗುತ್ತದೆ. ವ್ಯತ್ಯಾಸದ ಲೆಕ್ಕದಲ್ಲಿ ‘ಪರಿಣಾಮವೇನೂ ಇಲ್ಲ’ ಎಂಬುದನ್ನು ಸೂಚಿಸುವ ಬೆಲೆ ಸೊನ್ನೆ. ಅನುಪಾತದ ಲೆಕ್ಕದಲ್ಲಿ ಅದು ಒಂದು. ಯಾವುದರ ವಿಶ್ವಾಸಾಂತರ ನಿಮ್ಮ ಮುಂದಿದೆ ಎಂದು ತಿಳಿಯದೆ ಅಂಚುಗಳನ್ನು ಓದಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ.

ಇದೇ ಹಂತದಲ್ಲಿ ± ಚಿಹ್ನೆಯ ಮೇಲೂ ಒಂದು ಕಣ್ಣಿಡಿ. ಅದರ ಬಲಗಡೆಯ ಅಂಕಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಚದುರುವಿಕೆಯನ್ನು ಹೇಳುವ ಮಾನಕ ವಿಚಲನೆಯೋ, ಅಂದಾಜಿನ ಅಲುಗಾಟವನ್ನು ಹೇಳುವ ಮಾನಕ ದೋಷವೋ, ವಿಶ್ವಾಸಾಂತರದ ಅರ್ಧ ಅಗಲವೋ ಎಂಬುದು ವರದಿಯಿಂದ ವರದಿಗೆ ಬದಲಾಗುತ್ತದೆ. ಮಾನಕ ದೋಷವನ್ನು ಕೊಟ್ಟಿದ್ದರೆ ಶೇ. 95ರ ವಿಶ್ವಾಸಾಂತರಕ್ಕಾಗಿ ಅದನ್ನು ಸುಮಾರು ಎರಡರಿಂದ ಗುಣಿಸಬೇಕು. ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಇದರ ವಿವರ ಇರುತ್ತದೆ. ಇಲ್ಲದಿದ್ದರೆ ನೀವೇ ಲೆಕ್ಕ ಹಾಕಿ ತಾಳೆ ನೋಡಬಹುದು.

ಹಂತ 2: ಒಮ್ಮೆಯಾದರೂ ಕೈಯಾರೆ ಲೆಕ್ಕ ಹಾಕಿ

ಎರಡು ಗುಂಪುಗಳ ಪ್ರಮಾಣಗಳ ವ್ಯತ್ಯಾಸಕ್ಕೆ ಸೂತ್ರ ಸರಳ:

```
SE = sqrt( p1*(1-p1)/n1 + p2*(1-p2)/n2 )
95% CI = (p2 - p1) ± 1.96 * SE
```

ಇಲ್ಲಿ `p1` ಎಂದರೆ 804/8587, ಅಂದರೆ 0.0936. `p2` ಎಂದರೆ 1016/8600, ಅಂದರೆ 0.1181. ಮಾನಕ ದೋಷ 0.0047 ಬರುತ್ತದೆ. ಅದನ್ನು 1.96ರಿಂದ ಗುಣಿಸಿದರೆ 0.0092. ಆದ್ದರಿಂದ 2.45 ಶೇಕಡಾಂಶದ ವ್ಯತ್ಯಾಸಕ್ಕೆ ಕೆಳ ಅಂಚು 1.5, ಮೇಲಿನ ಅಂಚು 3.4. ಅನುಪಾತಕ್ಕೆ ಲಾಗರಿದಮ್ ಮೂಲಕ ಇದೇ ಬಗೆಯ ಲೆಕ್ಕ ಮಾಡಿದರೆ 0.79ಕ್ಕೆ 0.73ರಿಂದ 0.87ರವರೆಗಿನ ವಿಶ್ವಾಸಾಂತರ ಸಿಗುತ್ತದೆ. ಅನುಪಾತದ ವಿಷಯದಲ್ಲಿ ಅಂದಾಜು ನಟ್ಟನಡುವೆ ಬರುವುದಿಲ್ಲ. ಅದು ತಪ್ಪಲ್ಲ, ಲಾಗರಿದಮ್‌ನಿಂದ ಹಿಂದಿರುಗಿ ಬಂದದ್ದರ ಗುರುತು.

ಈ ಲೆಕ್ಕ ಮಾಡುವುದರಿಂದ ಸೂತ್ರದೊಳಕ್ಕೆ ಏನೇನು ಹೋಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹೋದದ್ದು ನಾಲ್ಕೇ ಅಂಕಿಗಳು: ಎರಡು ಗುಂಪುಗಳ ಗಾತ್ರ ಮತ್ತು ಎರಡು ಸಾವಿನ ಎಣಿಕೆ. ರೋಗಿಗಳನ್ನು ಹೇಗೆ ಆರಿಸಿದರು, ಎಷ್ಟು ಜನ ನಡುವೆ ಬಿಟ್ಟುಹೋದರು, ಸಾವಿನ ಕಾರಣವನ್ನು ಸರಿಯಾಗಿ ದಾಖಲಿಸಿದರೇ ಎಂಬ ಯಾವ ಪ್ರಶ್ನೆಯೂ ಅದರೊಳಗೆ ಇಲ್ಲ. ಕೊನೆಯ ಹಂತದಲ್ಲಿ ಇದೇ ಮಾತು ನಮ್ಮ ಕೈ ಹಿಡಿಯುತ್ತದೆ.

ಹಂತ 3: ಎರಡೂ ಅಂಚುಗಳನ್ನು ಜನರ ಲೆಕ್ಕಕ್ಕೆ ತನ್ನಿ

1.5 ಮತ್ತು 3.4 ಶೇಕಡಾಂಶ ಎಂದರೆ, ಸಾವಿರ ರೋಗಿಗಳಿಗೆ ಆಸ್ಪಿರಿನ್ ಕೊಟ್ಟರೆ ಐದು ವಾರಗಳಲ್ಲಿ ಸುಮಾರು 15 ಸಾವು ಕಡಿಮೆ ಎಂಬಲ್ಲಿಂದ 34 ಸಾವು ಕಡಿಮೆ ಎಂಬವರೆಗೆ. ಈಗ ಎರಡು ಅಂಚುಗಳನ್ನೂ ಬೇರೆ ಬೇರೆಯಾಗಿ ಕೇಳಿಕೊಳ್ಳಿ: ನಿಜವಾದ ಲಾಭ ಕೆಳ ಅಂಚಿನಷ್ಟೇ ಆಗಿದ್ದರೆ ಚಿಕಿತ್ಸೆ ಕೊಡುವುದು ಸರಿಯೇ? ಮೇಲಿನ ಅಂಚಿನಷ್ಟಿದ್ದರೆ ನಿರ್ಧಾರ ಬದಲಾಗುತ್ತದೆಯೇ? ಅಗ್ಗದ ಒಂದು ಮಾತ್ರೆಯಿಂದ ಸಾವಿರಕ್ಕೆ 15 ಜೀವ ಉಳಿದರೂ ಅದು ದೊಡ್ಡ ಮಾತು. ಹಾಗಾಗಿ ಇಲ್ಲಿ ಎರಡು ಅಂಚುಗಳೂ ಒಂದೇ ನಿರ್ಧಾರದತ್ತ ಬೆರಳು ಮಾಡುತ್ತವೆ. ಅಂಚುಗಳು ಬೇರೆ ಬೇರೆ ನಿರ್ಧಾರಗಳತ್ತ ತೋರಿಸಿದಾಗ ದತ್ತಾಂಶ ಸಾಲದು ಎಂದು ತಿಳಿಯಬೇಕು, ನಡುವಿನ ಅಂದಾಜು ಎಷ್ಟೇ ಚೆನ್ನಾಗಿ ಕಂಡರೂ ಸರಿಯೇ.

ವ್ಯಾಪ್ತಿಯೊಳಗಿನ ಎಲ್ಲ ಬೆಲೆಗಳಿಗೂ ಒಂದೇ ತೂಕವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ನಡುವಿನ ಅಂದಾಜಿಗೆ ಹತ್ತಿರವಿರುವ ಬೆಲೆಗಳು ದತ್ತಾಂಶಕ್ಕೆ ಹೆಚ್ಚು ಹೊಂದುತ್ತವೆ; ಅಂಚಿಗೆ ಹೋದಂತೆ ಹೊಂದಾಣಿಕೆ ಕುಗ್ಗುತ್ತದೆ. ಅಂಚು ದಾಟಿದೊಡನೆ ಏನೋ ಗೋಡೆ ಎದುರಾಗುತ್ತದೆ ಎಂದಲ್ಲ. 3.4 ಸಾಧ್ಯ, 3.5 ಅಸಾಧ್ಯ ಎಂದು ಓದುವುದು ಹುಚ್ಚುತನ.

ಹಂತ 4: 95 ಎಂಬ ಅಂಕಿ ಯಾರಿಗೆ ಸೇರಿದ್ದು?

ಎಲ್ಲಕ್ಕಿಂತ ಹೆಚ್ಚು ಜನ ಜಾರಿ ಬೀಳುವುದು ಇಲ್ಲಿ. ‘ನಿಜವಾದ ವ್ಯತ್ಯಾಸ 1.5 ಮತ್ತು 3.4ರ ನಡುವೆ ಇರುವ ಸಂಭವನೀಯತೆ ಶೇ. 95’ ಎಂಬ ವಾಕ್ಯ ಪಠ್ಯಗಳಲ್ಲೂ ಸಿಗುತ್ತದೆ, ಪತ್ರಿಕೆಗಳಲ್ಲೂ ಸಿಗುತ್ತದೆ. 1937ರಲ್ಲಿ ಸಂಖ್ಯಾಶಾಸ್ತ್ರಜ್ಞ ಯರ್ಜಿ ನೇಮನ್ ಈ ಸಿದ್ಧಾಂತವನ್ನು ವಿವರವಾಗಿ ಮಂಡಿಸಿದಾಗಲೇ ಇಂಥ ಓದಿಗೆ ಅವಕಾಶ ಇರಲಿಲ್ಲ. ಅವರ ಲೆಕ್ಕದಲ್ಲಿ ಶೇ. 95 ಎಂಬುದು ವಿಧಾನದ ಗುಣ. ಇದೇ ಬಗೆಯ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ, ಪ್ರತಿ ಸಲವೂ ಹೊಸ ವಿಶ್ವಾಸಾಂತರವನ್ನು ಕಟ್ಟುತ್ತಾ ಹೋದರೆ, ಅವುಗಳಲ್ಲಿ ಸುಮಾರು ಶೇ. 95ರಷ್ಟು ನಿಜವಾದ ಬೆಲೆಯನ್ನು ಒಳಗೊಂಡಿರುತ್ತವೆ. ಕೈಯಲ್ಲಿರುವ ಈ ಒಂದು ಅದನ್ನು ಒಳಗೊಂಡಿದೆಯೋ ಇಲ್ಲವೋ ಎಂಬುದು ಆಗಲೇ ತೀರ್ಮಾನವಾಗಿಹೋಗಿದೆ, ನಮಗೆ ಗೊತ್ತಿಲ್ಲ ಅಷ್ಟೇ.

ಇದು ಬರೀ ತರ್ಕದ ಹಗ್ಗಜಗ್ಗಾಟ ಎಂದು ಗೊಣಗುವವರಿದ್ದಾರೆ. ಹಾಗಲ್ಲ ಎನ್ನಲು ಒಂದು ಸನ್ನಿವೇಶ ಸಾಕು. ಎರಡೂ ಗುಂಪಿಗೆ ಒಂದೇ ಸಕ್ಕರೆ ಗುಳಿಗೆಯನ್ನು ಕೊಟ್ಟು ನೂರು ಪ್ರಯೋಗ ಮಾಡಿದರೂ ಸುಮಾರು ಐದರಲ್ಲಿ ವಿಶ್ವಾಸಾಂತರ ಸೊನ್ನೆಯನ್ನು ಹೊರಗೆ ಬಿಡುತ್ತದೆ. ಆ ಐದರಲ್ಲಿ ಒಂದು ನಿಮ್ಮ ಕೈಗೆ ಸಿಕ್ಕಿತೆನ್ನಿ. ‘ವ್ಯತ್ಯಾಸ ಈ ವ್ಯಾಪ್ತಿಯಲ್ಲಿರುವ ಸಂಭವನೀಯತೆ ಶೇ. 95’ ಎಂದು ಅದರ ಬಗ್ಗೆ ಹೇಳಲಾದೀತೇ? ನಿಜವಾದ ವ್ಯತ್ಯಾಸ ಸೊನ್ನೆ ಎಂದು ನಮಗೆ ಮೊದಲೇ ಗೊತ್ತಿದೆ. ಆ ವ್ಯಾಪ್ತಿ ಅದನ್ನು ತಪ್ಪಿಸಿಕೊಂಡಿದೆ. ಒಂದು ನಿರ್ದಿಷ್ಟ ವ್ಯಾಪ್ತಿಗೆ ಸಂಭವನೀಯತೆಯನ್ನು ಅಂಟಿಸಬೇಕಾದರೆ ಪ್ರಯೋಗಕ್ಕೆ ಮೊದಲೇ ಗೊತ್ತಿದ್ದುದನ್ನೂ ಲೆಕ್ಕಕ್ಕೆ ತರಬೇಕು. ಅದು ಬೇಸಿಯನ್ ವಿಧಾನದ ದಾರಿ, ಅದರ ವ್ಯಾಪ್ತಿಗೆ ಹೆಸರೂ ಬೇರೆ.

ಮಾತಿಗಿಂತ ಕಣ್ಣಿನಿಂದ ನೋಡಿ ಒಪ್ಪುವವರು ಪೈಥಾನ್‌ನಲ್ಲಿ ಇದನ್ನು ಓಡಿಸಬಹುದು. ಇಲ್ಲಿ ನಿಜವಾದ ವ್ಯತ್ಯಾಸ 2.4 ಶೇಕಡಾಂಶ ಎಂದು ನಾವೇ ನಿಗದಿ ಮಾಡಿ, ಸಾವಿರ ಪ್ರಯೋಗಗಳನ್ನು ಕಂಪ್ಯೂಟರ್‌ನೊಳಗೇ ನಡೆಸುತ್ತಿದ್ದೇವೆ:

```python
import numpy as np
rng = np.random.default_rng(1)
n, a, b = 8600, 0.094, 0.118
x = rng.binomial(n, a, 1000) / n
y = rng.binomial(n, b, 1000) / n
d = y - x
se = np.sqrt(x*(1-x)/n + y*(1-y)/n)
lo, hi = d - 1.96*se, d + 1.96*se
print(((lo < b-a) & (b-a < hi)).mean())
print(((lo[:-1] < d[1:]) & (d[1:] < hi[:-1])).mean())
```

ಮೊದಲ ಸಾಲಿನಲ್ಲಿ 0.95ರ ಆಸುಪಾಸಿನ ಅಂಕಿ ಬರುತ್ತದೆ. ನಿಜವಾದ ಬೆಲೆಯನ್ನು ಹಿಡಿದ ವಿಶ್ವಾಸಾಂತರಗಳ ಪಾಲು ಅದು. ಎರಡನೆಯ ಸಾಲು ಇನ್ನೊಂದು ಜನಪ್ರಿಯ ತಪ್ಪನ್ನು ಬಯಲು ಮಾಡುತ್ತದೆ. ‘ಮುಂದಿನ ಪ್ರಯೋಗದ ಫಲಿತಾಂಶ ಈ ವ್ಯಾಪ್ತಿಯೊಳಗೆ ಬೀಳುವ ಸಾಧ್ಯತೆ ಶೇ. 95’ ಎಂದು ನಂಬಿದವರು ಅಲ್ಲಿ 0.83ರ ಹತ್ತಿರದ ಅಂಕಿಯನ್ನು ನೋಡುತ್ತಾರೆ. ಕಾರಣ ಸ್ಪಷ್ಟ: ಮೊದಲ ಪ್ರಯೋಗವೂ ನಿಜದಿಂದ ಸ್ವಲ್ಪ ಸರಿದಿರುತ್ತದೆ, ಎರಡನೆಯದೂ ತನ್ನ ಪಾಡಿಗೆ ಸರಿಯುತ್ತದೆ; ಎರಡರ ಅಲುಗಾಟವೂ ಸೇರಿಕೊಳ್ಳುತ್ತದೆ. ಆದ್ದರಿಂದ ಅಷ್ಟೇ ಗಾತ್ರದ ಮರುಪ್ರಯೋಗದ ಅಂದಾಜು ಹಳೆಯ ವ್ಯಾಪ್ತಿಯ ಹೊರಗೆ ಬಿದ್ದ ಮಾತ್ರಕ್ಕೆ ಹಳೆಯದು ಸುಳ್ಳಾಯಿತು ಎನ್ನಲಾಗದು. ಆರು ಸಲಕ್ಕೊಮ್ಮೆ ಹಾಗಾಗುವುದು ಸಹಜವೇ.

ಹಂತ 5: ಸೊನ್ನೆ ಒಳಗೆ ಸಿಕ್ಕಿದಾಗ

ಐಸಿಸ್-2ರ ಗಾತ್ರ ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಅದೇ ಪ್ರಶ್ನೆಗೆ ಒಂದು ಸಣ್ಣ ಪ್ರಯೋಗವನ್ನು ಕಲ್ಪಿಸಿಕೊಳ್ಳಿ: ಪ್ರತಿ ಗುಂಪಿನಲ್ಲಿ 400 ಜನ, ಆಸ್ಪಿರಿನ್ ಗುಂಪಿನಲ್ಲಿ 38 ಸಾವು, ಪ್ಲಸೀಬೊ ಗುಂಪಿನಲ್ಲಿ 47. ವ್ಯತ್ಯಾಸ 2.25 ಶೇಕಡಾಂಶ, ಅಂದರೆ ದೊಡ್ಡ ಪ್ರಯೋಗದ್ದಕ್ಕೆ ಬಲು ಹತ್ತಿರ. ಆದರೆ ವಿಶ್ವಾಸಾಂತರ ಮೈನಸ್ 2.0ರಿಂದ 6.5ರವರೆಗೆ ಹರಡಿಕೊಂಡಿದೆ. ಸೊನ್ನೆ ಒಳಗಿದೆ. ಸಾರಾಂಶದಲ್ಲಿ ಬರುವ ವಾಕ್ಯವನ್ನು ಊಹಿಸುವುದು ಕಷ್ಟವಲ್ಲ: ‘ಆಸ್ಪಿರಿನ್‌ನಿಂದ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.’ ಮರುದಿನದ ಶೀರ್ಷಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಆಸ್ಪಿರಿನ್ ನಿಷ್ಪ್ರಯೋಜಕ’ ಎನ್ನುತ್ತದೆ.

ಆ ವ್ಯಾಪ್ತಿಯನ್ನು ಜನರ ಲೆಕ್ಕಕ್ಕೆ ತಂದರೆ ಮಾತೇ ಬೇರೆ. ಸಾವಿರಕ್ಕೆ 20 ಸಾವು ಹೆಚ್ಚಾಗುವುದರಿಂದ ಹಿಡಿದು 65 ಸಾವು ಕಡಿಮೆಯಾಗುವವರೆಗೆ ಯಾವುದನ್ನೂ ಈ ಪ್ರಯೋಗ ತಳ್ಳಿಹಾಕಿಲ್ಲ. ಅದರ ತಾತ್ಪರ್ಯ ‘ಈ ಗಾತ್ರದ ಪ್ರಯೋಗದಿಂದ ಹಾನಿಯೋ ಲಾಭವೋ ಹೇಳಲಾಗದು’ ಎಂಬುದು. ವ್ಯತ್ಯಾಸವಿಲ್ಲ ಎಂದು ತೋರಿಸುವುದಕ್ಕೂ ವ್ಯತ್ಯಾಸವನ್ನು ತೋರಿಸಲಾಗದಿರುವುದಕ್ಕೂ ನಡುವೆ ಬಹಳ ದೂರವಿದೆ.

ಇಲ್ಲೊಂದು ಉಪಯುಕ್ತ ಪರೀಕ್ಷೆ ಇದೆ. ಅಂದಾಜಿನಿಂದ ಸೊನ್ನೆ ಎಷ್ಟು ದೂರವೋ ಅಷ್ಟೇ ದೂರವನ್ನು ಇನ್ನೊಂದು ದಿಕ್ಕಿನಲ್ಲಿ ಅಳೆಯಿರಿ. 2.25ರಿಂದ ಕೆಳಗೆ 2.25 ಹೋದರೆ ಸೊನ್ನೆ. ಮೇಲಕ್ಕೆ ಅಷ್ಟೇ ಹೋದರೆ 4.5. ಈ ದತ್ತಾಂಶಕ್ಕೆ ಸೊನ್ನೆ ಎಷ್ಟು ಹೊಂದುತ್ತದೆಯೋ 4.5 ಶೇಕಡಾಂಶದ ಲಾಭವೂ ಅಷ್ಟೇ ಹೊಂದುತ್ತದೆ. ‘ಪರಿಣಾಮ ಶೂನ್ಯ’ ಎಂದು ಈ ಪ್ರಯೋಗದ ಬಲದಿಂದ ವಾದಿಸುವವರು, ಸಾವಿರಕ್ಕೆ 45 ಜೀವ ಉಳಿಯುತ್ತದೆ ಎನ್ನುವವರಿಗೂ ಅಷ್ಟೇ ಜಾಗ ಬಿಡಬೇಕಾಗುತ್ತದೆ. ಇನ್ನೂ ಒಂದು ಮಾತು: ಸಣ್ಣ ಪ್ರಯೋಗದ ವ್ಯಾಪ್ತಿಯೊಳಗೆ ದೊಡ್ಡ ಪ್ರಯೋಗದ 1.5–3.4 ಪೂರ್ತಿಯಾಗಿ ಅಡಗಿ ಕುಳಿತಿದೆ. ಒಂದು ‘ಪರಿಣಾಮ ಇದೆ’ ಎಂದಿತು, ಇನ್ನೊಂದು ‘ಇಲ್ಲ’ ಎಂದಿತು, ಆದ್ದರಿಂದ ಸಂಶೋಧನೆಗಳು ಪರಸ್ಪರ ವಿರುದ್ಧ ಎಂದು ಬರೆಯುವುದು ಇಲ್ಲದ ಜಗಳವನ್ನು ಹುಟ್ಟುಹಾಕಿದಂತೆ.

ಹಾಗಾದರೆ ‘ಗಣನೀಯ ವ್ಯತ್ಯಾಸವಿಲ್ಲ’ ಎಂದು ಎಂದಾದರೂ ಹೇಳಬಹುದೇ? ಹೇಳಬಹುದು. ಎಷ್ಟು ವ್ಯತ್ಯಾಸವನ್ನು ಕಡೆಗಣಿಸಬಹುದು ಎಂದು ಪ್ರಯೋಗಕ್ಕೆ ಮೊದಲೇ ಗೆರೆ ಎಳೆದಿರಬೇಕು, ಇಡೀ ವಿಶ್ವಾಸಾಂತರ ಆ ಗೆರೆಯೊಳಗೆ ಬಿದ್ದಿರಬೇಕು. ಎರಡೂ ದಿಕ್ಕಿಗೆ ಒಂದು ಶೇಕಡಾಂಶ ಎಂದು ಗೆರೆ ಎಳೆದು, ಮೈನಸ್ 0.4ರಿಂದ 0.6ರವರೆಗಿನ ವ್ಯಾಪ್ತಿ ಬಂದರೆ ಆ ಮಾತಿಗೆ ಆಧಾರವಿದೆ. ಇದರ ಮಗ್ಗುಲಲ್ಲೇ ಇನ್ನೊಂದು ಸಂಗತಿ: ಭಾರಿ ಪ್ರಯೋಗವೊಂದರಲ್ಲಿ 0.1ರಿಂದ 0.3ರವರೆಗಿನ ವ್ಯಾಪ್ತಿ ಬಂದರೆ ಸೊನ್ನೆ ಹೊರಗಿದ್ದರೂ ಪರಿಣಾಮ ಕ್ಷುಲ್ಲಕವೇ ಇರಬಹುದು.

ಹಂತ 6: ಎರಡು ವಿಶ್ವಾಸಾಂತರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ

ನಕ್ಷೆಗಳಲ್ಲಿ ಎರಡು ಗುಂಪುಗಳ ವ್ಯಾಪ್ತಿಗಳು ಒಂದರ ಮೇಲೊಂದು ಸ್ವಲ್ಪ ಚಾಚಿಕೊಂಡಿದ್ದರೆ ‘ವ್ಯತ್ಯಾಸವಿಲ್ಲ’ ಎಂದುಬಿಡುವ ಅಭ್ಯಾಸ ವ್ಯಾಪಕವಾಗಿದೆ. ಒಂದು ಗುಂಪಿನ ಅಂದಾಜು 10, ಇನ್ನೊಂದರದು 13, ಎರಡಕ್ಕೂ ಮಾನಕ ದೋಷ 1 ಎಂದಿಟ್ಟುಕೊಳ್ಳಿ. ಮೊದಲನೆಯದರ ವ್ಯಾಪ್ತಿ 8.0–12.0, ಎರಡನೆಯದರದು 11.0–15.0. ಒಂದು ಪೂರ್ತಿ ಅಂಕದಷ್ಟು ಹಾಸುಹೊಕ್ಕಾಗಿವೆ. ಆದರೆ ವ್ಯತ್ಯಾಸದ ಮಾನಕ ದೋಷ ಎರಡನ್ನೂ ಕೂಡಿದಷ್ಟು ಆಗುವುದಿಲ್ಲ. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು, ಅದು 1.41. ವ್ಯತ್ಯಾಸ 3ಕ್ಕೆ ವಿಶ್ವಾಸಾಂತರ 0.2ರಿಂದ 5.8. ಸೊನ್ನೆ ಹೊರಗಿದೆ! ವ್ಯಾಪ್ತಿಗಳು ಒಂದನ್ನೊಂದು ಮುಟ್ಟದಿದ್ದರೆ ವ್ಯತ್ಯಾಸದ ವಿಶ್ವಾಸಾಂತರದಿಂದ ಸೊನ್ನೆ ಹೊರಗಿರುತ್ತದೆ ಎಂಬುದು ಸರಿ. ಮುಟ್ಟಿದರೆ ಸೊನ್ನೆ ಒಳಗೇ ಇರುತ್ತದೆ ಎಂಬುದು ತಪ್ಪು. ವ್ಯತ್ಯಾಸದ ಬಗ್ಗೆ ಕೇಳುವುದಾದರೆ ವ್ಯತ್ಯಾಸದ್ದೇ ವಿಶ್ವಾಸಾಂತರವನ್ನು ನೋಡಬೇಕು.

ಉಪಗುಂಪುಗಳ ಕೋಷ್ಟಕದಲ್ಲಿ ಈ ತಪ್ಪು ಇನ್ನೂ ದುಬಾರಿ. ಐಸಿಸ್-2ರ ಸಂಶೋಧಕರು ಇದನ್ನು ತೋರಿಸಲೆಂದೇ ರೋಗಿಗಳನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿದರು. ಒಟ್ಟಾರೆ ಆಸ್ಪಿರಿನ್‌ನಿಂದ ಸಾವಿನ ಆಡ್ಸ್, ಅಂದರೆ ಸತ್ತವರ ಸಂಖ್ಯೆಯನ್ನು ಬದುಕುಳಿದವರ ಸಂಖ್ಯೆಯಿಂದ ಭಾಗಿಸಿದಾಗ ಸಿಗುವ ಅಳತೆ, ಶೇ. 23ರಷ್ಟು ತಗ್ಗಿತ್ತು. ಆದರೆ ಮಿಥುನ ಮತ್ತು ತುಲಾ ರಾಶಿಯವರಲ್ಲಿ ಅದು ಶೇ. 9ರಷ್ಟು ಏರಿದಂತೆ ಕಂಡಿತು. ಅದರ ಪಕ್ಕದಲ್ಲಿ ಕೊಟ್ಟ 13 ಎಂಬ ಅಂಕಿ ಒಂದು ಮಾನಕ ದೋಷದಷ್ಟು. ಹಂತ 1ರಲ್ಲಿ ಹೇಳಿದ ಎಚ್ಚರ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನೇ ವಿಶ್ವಾಸಾಂತರ ಎಂದುಕೊಂಡರೆ ಮೈನಸ್ 4ರಿಂದ 22 ಎಂದು ಓದುತ್ತೀರಿ. 13ನ್ನು 1.96ರಿಂದ ಗುಣಿಸಿದರೆ ಅದು ಸುಮಾರು ಶೇ. 16ರ ಇಳಿಕೆಯಿಂದ ಶೇ. 34ರ ಏರಿಕೆಯವರೆಗೆ ಅಗಲವಾಗುತ್ತದೆ.

ಗಮನಿಸಬೇಕಾದದ್ದೆಂದರೆ, ಈ ಅಗಲವಾದ ವ್ಯಾಪ್ತಿಯೊಳಗೂ ಒಟ್ಟಾರೆ ಫಲಿತಾಂಶವಾದ ಶೇ. 23ರ ಇಳಿಕೆ ಇಲ್ಲ. ಹಾಗೆಂದು ಮಿಥುನ ರಾಶಿಯವರಿಗೆ ಆಸ್ಪಿರಿನ್ ಬೇಡ ಎಂದು ಯಾವ ವೈದ್ಯರೂ ಬರೆಯುವುದಿಲ್ಲ. ಶೇ. 95 ಎಂಬುದು ಒಂದೊಂದೇ ವಿಶ್ವಾಸಾಂತರಕ್ಕೆ ಕೊಟ್ಟ ಮಾತು. ಹನ್ನೆರಡು ರಾಶಿಗಳಿಗೆ ಹನ್ನೆರಡು ವಿಶ್ವಾಸಾಂತರ ಕಟ್ಟಿದರೆ, ಅವುಗಳಲ್ಲಿ ಒಂದಾದರೂ ನಿಜವನ್ನು ತಪ್ಪಿಸಿಕೊಳ್ಳುವ ಸಂಭವನೀಯತೆ 1 − 0.95¹², ಅಂದರೆ ಶೇ. 46. ಎಲ್ಲವನ್ನೂ ನೋಡಿದ ಮೇಲೆ ವಿಚಿತ್ರವಾಗಿ ಕಂಡ ಎರಡನ್ನು ಆರಿಸಿ ಜೋಡಿಸಿದರೆ ಆ ಶೇ. 95ಕ್ಕೆ ಅರ್ಥವೇ ಉಳಿಯುವುದಿಲ್ಲ. ರಾಶಿಯ ಬದಲು ವಯಸ್ಸು, ಲಿಂಗ, ಮಧುಮೇಹ ಎಂದಿದ್ದರೆ ನಮಗೆ ನಗು ಬರುವುದಿಲ್ಲ, ಕಾರಣ ಹುಡುಕಲು ತೊಡಗುತ್ತೇವೆ. ಆದ್ದರಿಂದ ಉಪಗುಂಪಿನ ಕೋಷ್ಟಕ ಕಂಡಾಗ ಎರಡು ವಿಷಯ ನೋಡಿ: ಒಟ್ಟು ಎಷ್ಟು ಉಪಗುಂಪುಗಳನ್ನು ಪರಿಶೀಲಿಸಿದ್ದಾರೆ, ಮತ್ತು ಉಪಗುಂಪುಗಳ ನಡುವಿನ ಪರಿಣಾಮದ ವ್ಯತ್ಯಾಸಕ್ಕೇ ವಿಶ್ವಾಸಾಂತರ ಕೊಟ್ಟಿದ್ದಾರೆಯೇ.

ಹಂತ 7: ವಿಶ್ವಾಸಾಂತರಕ್ಕೆ ಕಾಣದ್ದನ್ನು ನೀವು ನೋಡಿ

1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ ಅಂಚೆಯ ಮೂಲಕ ಜನಮತ ಸಂಗ್ರಹಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್‌ಗೆ ಶೇ. 57 ಮತ, ರೂಸ್‌ವೆಲ್ಟ್‌ಗೆ ಶೇ. 43 ಎಂದು ಪತ್ರಿಕೆ ಲೆಕ್ಕ ಕೊಟ್ಟಿತು. ಹಂತ 2ರ ಬಗೆಯಲ್ಲೇ ಆ ಶೇ. 43ಕ್ಕೆ ವಿಶ್ವಾಸಾಂತರ ಕಟ್ಟಿದರೆ ಅದರ ಅರ್ಧ ಅಗಲ ಒಂದು ಶೇಕಡಾಂಶದ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಮತ ಎಣಿಸಿದಾಗ ರೂಸ್‌ವೆಲ್ಟ್ ಪಡೆದದ್ದು ಸುಮಾರು ಶೇ. 61. ಪತ್ರಿಕೆಯ ವಿಳಾಸಪಟ್ಟಿ ದೂರವಾಣಿ ಮತ್ತು ಕಾರು ಹೊಂದಿದ್ದವರತ್ತ ವಾಲಿತ್ತು. ಜೊತೆಗೆ, ಉತ್ತರ ಕಳುಹಿಸಿದವರು ಕಳುಹಿಸದವರಿಗಿಂತ ಭಿನ್ನ ಅಭಿಪ್ರಾಯದವರಾಗಿದ್ದರು. ಮಾದರಿ ದೊಡ್ಡದಾದಷ್ಟೂ ವ್ಯಾಪ್ತಿ ತಪ್ಪು ಜಾಗದ ಸುತ್ತಲೇ ಬಿಗಿಯಾಗುತ್ತಾ ಹೋಯಿತು.

ಪ್ರಯೋಗಗಳಲ್ಲಿ ಇಂಥ ವಾಲಿಕೆಗೆ ದೊಡ್ಡ ಬಾಗಿಲು ಎಂದರೆ ನಡುವೆ ಕಾಣೆಯಾದ ರೋಗಿಗಳು. ಇದನ್ನು ಪರೀಕ್ಷಿಸಲು ಹೆಚ್ಚಿನ ಗಣಿತ ಬೇಕಿಲ್ಲ. ನಮ್ಮ ಕಲ್ಪಿತ ಸಣ್ಣ ಪ್ರಯೋಗದಲ್ಲಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ 9 ಸಾವು ಮಾತ್ರ. ಪ್ರತಿ ಗುಂಪಿನಲ್ಲೂ 20 ಜನರ ಗತಿ ಏನಾಯಿತೆಂದು ತಿಳಿಯದೆ ಅವರನ್ನು ಬದುಕಿದ್ದಾರೆಂದೇ ಎಣಿಸಿದ್ದರೆ, ಗೊತ್ತಿಲ್ಲದವರ ಸಂಖ್ಯೆ 40. ಆಸ್ಪಿರಿನ್ ಗುಂಪಿನ ಕಾಣೆಯಾದವರಲ್ಲಿ 12 ಜನ, ಇನ್ನೊಂದರಲ್ಲಿ 2 ಜನ ಸತ್ತಿದ್ದರೆ ಎಣಿಕೆ 50 ಮತ್ತು 49 ಆಗಿ, ಫಲಿತಾಂಶದ ದಿಕ್ಕೇ ತಿರುಗುತ್ತದೆ. ವಿಶ್ವಾಸಾಂತರದ ಅಗಲ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ರೋಗಿಗಳ ಹರಿವನ್ನು ತೋರಿಸುವ ನಕ್ಷೆ ಸಾಮಾನ್ಯವಾಗಿ ವರದಿಯ ಮೊದಲ ಚಿತ್ರವಾಗಿರುತ್ತದೆ. ಎಷ್ಟು ಜನ ಬಿಟ್ಟುಹೋದರು ಎಂಬುದನ್ನು ಅಲ್ಲಿಂದ ಎತ್ತಿಕೊಂಡು, ಗುಂಪುಗಳ ನಡುವಿನ ಎಣಿಕೆಯ ವ್ಯತ್ಯಾಸದ ಪಕ್ಕದಲ್ಲಿ ಬರೆದುಕೊಳ್ಳಿ. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಿದ್ದರೆ, ಕಾಣೆಯಾದವರ ಬಗ್ಗೆ ಲೇಖಕರು ಏನನ್ನು ಊಹಿಸಿಕೊಂಡಿದ್ದಾರೆ ಎಂಬ ಪ್ಯಾರಾವನ್ನು ಹುಡುಕಿ ಓದಿದ ಮೇಲೆಯೇ ಆವರಣದೊಳಗಿನ ಅಂಕಿಗಳಿಗೆ ಬನ್ನಿ.